ಕುಡುಗೋಲು ಕಣವೂ ಚಳಿಜ್ವರವೂ

ಕುಡುಗೋಲು ಕಣ ರೋಗವನ್ನು 2047ರ ವೇಳೆಗೆ ನಮ್ಮ ದೇಶದಿಂದ ನಿರ್ಮೂಲ ಮಾಡಬೇಕೆಂಬ ಉದ್ದೇಶದಿಂದ ಕೇಂದ್ರ ಸರ್ಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಒಂದು ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ನಲವತ್ತು ವರ್ಷದೊಳಗಿನ ಸುಮಾರು 7 ಕೋಟಿ ಜನರ ರಕ್ತವನ್ನು ಪರೀಕ್ಷಿಸಿ, ಪ್ರತಿಯೊಬ್ಬರಿಗೂ ಫಲಿತಾಂಶವನ್ನು ಬರೆದ ಚೀಟಿಯೊಂದನ್ನು ಕೊಡುವುದು ಯೋಜನೆಯ ಮುಖ್ಯ ಅಂಗ. ನಮ್ಮ ರಾಜ್ಯದಲ್ಲಿ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಯರವರು, ಇರುಳರು ಮೊದಲಾದ ಕಾಡಂಚಿನ ಜನರಲ್ಲಿ ಈ ರೋಗವುಂಟು. ಇದಕ್ಕೆ ಬೇರೆಯಾಗಿ, 2030ರೊಳಗೆ ಮಲೇರಿಯಾವನ್ನು ತೊಡೆದುಹಾಕಬೇಕೆಂಬ ಇನ್ನೊಂದು ಯೋಜನೆಯೂ ನಡೆಯುತ್ತಿದೆ. ಎರಡಕ್ಕೂ ಕಡತಗಳು ಬೇರೆ, ರಕ್ತ ತೆಗೆಯುವ ದಿನಗಳೂ ಬೇರೆ. ಆದರೆ ನಿಸರ್ಗದಲ್ಲಿ ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಇದನ್ನು ಮರೆತರೆ ಎರಡು ಕಡೆಗಳಲ್ಲಿ ತಪ್ಪು ನಡೆಯುವ ಸಂಭವವುಂಟೆಂದು ನಮ್ಮ ಅಭಿಪ್ರಾಯ. ಕಾಡಿನ ಮಾತು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಬಯಲುಸೀಮೆಯವರಾದ ನಮಗೇಕೆ ಎಂದು ವಾಚಕರು ಕೇಳಬಹುದು. ಅದಕ್ಕೂ ಮುಂದೆ ಉತ್ತರ ಬರುತ್ತದೆ.

ಮೊದಲು ರೋಗದ ವಿಚಾರ. ನಮ್ಮ ರಕ್ತದ ಕೆಂಪು ಕಣಗಳಲ್ಲಿ ತುಂಬಿಕೊಂಡು, ಆಮ್ಲಜನಕವನ್ನು ಹೊತ್ತು ತಿರುಗುವ ಪ್ರೋಟೀನಿಗೆ ಹಿಮೋಗ್ಲೋಬಿನ್ ಎಂದು ಹೆಸರು. ಇದರ ಒಂದು ಸರಪಳಿಯಲ್ಲಿ ಆರನೆಯ ಕೊಂಡಿಯಾಗಿ ಗ್ಲುಟಾಮಿಕ್ ಆಮ್ಲವಿರಬೇಕಾದ ಕಡೆ ವ್ಯಾಲೀನ್ ಎಂಬ ಬೇರೊಂದು ಕೊಂಡಿ ಬಂದು ಕುಳಿತರೆ, ಅದು ‘ಎಸ್’ ಬಗೆಯ ಹಿಮೋಗ್ಲೋಬಿನ್ ಆಗುತ್ತದೆ. ನೂರ ನಲವತ್ತಾರು ಕೊಂಡಿಗಳಲ್ಲಿ ಒಂದರ ವ್ಯತ್ಯಾಸ. ಆಮ್ಲಜನಕ ಹೇರಳವಾಗಿರುವಾಗ ಇದರಿಂದ ತೊಂದರೆಯಿಲ್ಲ. ಆಮ್ಲಜನಕ ಕಡಮೆಯಾದೊಡನೆ ಈ ಅಣುಗಳು ಒಂದಕ್ಕೊಂದು ಅಂಟಿ, ಉದ್ದನೆಯ ನಾರುಗಳಾಗಿ ಬೆಳೆದು, ಬಿಲ್ಲೆಯಂತಿದ್ದ ಮೆತ್ತನೆಯ ಕಣವನ್ನು ಕುಡುಗೋಲಿನ ಆಕಾರಕ್ಕೆ ಸೆಟೆಸುತ್ತವೆ. ಅಂತಹ ಕಣಗಳು ಕೂದಲಿಗಿಂತಲೂ ಸೂಕ್ಷ್ಮವಾದ ಲೋಮನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹಾದಿಯನ್ನು ಕಟ್ಟುತ್ತವೆ. ಮೂಳೆಗಳಲ್ಲಿ ತಡೆಯಲಾಗದ ನೋವು ಬರುತ್ತದೆ. ಕಣಗಳು ಬೇಗ ಒಡೆಯುವುದರಿಂದ ರಕ್ತಹೀನತೆಯುಂಟಾಗುತ್ತದೆ.

ಈ ಲಕ್ಷಣವನ್ನು ನಿರ್ಣಯಿಸುವ ಜೀನು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳಲ್ಲಿ ಬರುತ್ತದೆ. ಎರಡೂ ‘ಎಸ್’ ಆಗಿದ್ದರೆ ಮಾತ್ರ ರೋಗ. ಒಂದು ‘ಎಸ್’ ಆಗಿ ಇನ್ನೊಂದು ಸಾಧಾರಣವಾಗಿದ್ದರೆ ಅವರು ವಾಹಕರು. ಸಾಮಾನ್ಯ ಬದುಕಿನಲ್ಲಿ ಅವರು ರೋಗಿಗಳಲ್ಲ, ಎಷ್ಟೋ ಜನರಿಗೆ ತಾವು ವಾಹಕರೆಂಬುದೇ ಜೀವಮಾನದಲ್ಲಿ ತಿಳಿಯುವುದಿಲ್ಲ.

ಭಾರತದಲ್ಲಿ ಈ ಜೀನು ಇದೆಯೆಂಬುದು ಮೊದಲು ಬೆಳಕಿಗೆ ಬಂದದ್ದು ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳು ಅಲ್ಲಿನ ಜನರ ರಕ್ತವನ್ನು ಪರೀಕ್ಷಿಸಿ ವರದಿ ಮಾಡಿದರು. ಬೆಟ್ಟದ ಇಳಿಜಾರು ಮತ್ತು ತಪ್ಪಲಿನ ಕಾಡುಗಳಲ್ಲಿದ್ದ ಕೆಲವು ಪಂಗಡಗಳಲ್ಲಿ ವಾಹಕರ ಪ್ರಮಾಣ ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿತ್ತು. ಮೇಲಿನ ತಂಪು ಪ್ರಸ್ಥಭೂಮಿಯಲ್ಲಿ ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ ಬಡಗರಲ್ಲಿಯೂ ತೊದವರಲ್ಲಿಯೂ ಅದು ಬಹಳ ಕಡಮೆ. ಲೇಮನ್ನರು ಇದನ್ನು ಬುಡಕಟ್ಟಿನ ಪ್ರಶ್ನೆಯೆಂದು ಬಗೆದರು. ಅರೇಬಿಯ ಮತ್ತು ಆಫ್ರಿಕಗಳ ಜನಕ್ಕೂ ದಕ್ಷಿಣ ಭಾರತದ ಕಾಡಿನ ಜನಕ್ಕೂ ಪುರಾತನವಾದ ಸಂಬಂಧವಿರಬೇಕೆಂದು ಊಹಿಸಿದರು. ಆ ಊಹೆ ಸರಿಯಾಗಲಿ ತಪ್ಪಾಗಲಿ, ಅದರಿಂದ ಮುಖ್ಯ ಒಗಟು ಬಿಡುವುದಿಲ್ಲ. ಎರಡು ಪ್ರತಿ ಪಡೆದ ಮಗು ಹಿಂದಿನ ಕಾಲದಲ್ಲಿ ಮದುವೆಯ ವಯಸ್ಸಿಗೆ ಮೊದಲೇ ಸಾಯುತ್ತಿತ್ತಷ್ಟೆ. ಸಾಯುವಾಗ ಎರಡು ‘ಎಸ್’ ಜೀನುಗಳನ್ನು ತನ್ನೊಡನೆ ಕೊಂಡೊಯ್ಯುತ್ತಿತ್ತು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಸೋರಿಹೋಗಬೇಕಾದ ಜೀನು ಮೂವತ್ತರ ಮಟ್ಟದಲ್ಲಿ ನಿಂತದ್ದು ಹೇಗೆ?

ಉತ್ತರದ ಸುಳಿವನ್ನು ಕೊಟ್ಟವರು ಜೆ. ಬಿ. ಎಸ್. ಹಾಲ್ಡೇನರು. ಇವರು 1957ರಲ್ಲಿ ಇಂಗ್ಲೆಂಡನ್ನು ತೊರೆದು ನಮ್ಮ ದೇಶಕ್ಕೆ ಬಂದು ನೆಲಸಿ, ಇಲ್ಲಿನ ಪೌರತ್ವವನ್ನು ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಥಲಸ್ಸೀಮಿಯಾ ಎಂಬ ಇನ್ನೊಂದು ರಕ್ತದೋಷದ ವಾಹಕರು ಮಲೇರಿಯಾವನ್ನು ಹೆಚ್ಚು ಸಮರ್ಥವಾಗಿ ಎದುರಿಸುತ್ತಿರಬಹುದೆಂದು ಅವರು 1949ರ ಹೊತ್ತಿಗೆ ಸೂಚಿಸಿದ್ದರು. ಕುಡುಗೋಲು ಕಣದ ವಿಷಯದಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದವರು ಆಂಟನಿ ಆಲಿಸನ್. ಉಗಾಂಡದ 290 ಮಕ್ಕಳ ರಕ್ತವನ್ನು ಅವರು ನೋಡಿದರು. ಕುಡುಗೋಲು ಲಕ್ಷಣವಿದ್ದ 43 ಮಕ್ಕಳಲ್ಲಿ 12 ಮಂದಿಯ ರಕ್ತದಲ್ಲಿ, ಅಂದರೆ ನೂರಕ್ಕೆ ಸುಮಾರು 28 ಮಂದಿಯಲ್ಲಿ, ಮಲೇರಿಯಾದ ಜೀವಿಗಳು ಕಂಡವು. ಲಕ್ಷಣವಿಲ್ಲದ 247 ಮಕ್ಕಳಲ್ಲಿ 113 ಮಂದಿಯಲ್ಲಿ, ಅಂದರೆ ನೂರಕ್ಕೆ 46ರ ಸುಮಾರಿನಲ್ಲಿ. 1954ರಲ್ಲಿ ಈ ಫಲಿತಾಂಶಗಳು ಅಚ್ಚಾದವು. ಅನಂತರ ಆಫ್ರಿಕದಲ್ಲಿ ನಡೆದ ಅನೇಕ ದೊಡ್ಡ ಅಧ್ಯಯನಗಳು ವಿಷಯವನ್ನು ಇನ್ನೂ ಸ್ಪಷ್ಟಗೊಳಿಸಿವೆ. ವಾಹಕನಿಗೂ ಸೊಳ್ಳೆ ಕಚ್ಚುತ್ತದೆ, ಸೋಂಕೂ ತಗಲುತ್ತದೆ. ಆದರೆ ಫಾಲ್ಸಿಪಾರಮ್ ಬಗೆಯ ಮಲೇರಿಯಾ ಮಿದುಳಿಗೇರಿ ಅಥವಾ ರಕ್ತವನ್ನು ಬರಿದುಮಾಡಿ ಕೊಲ್ಲುವ ಉಗ್ರ ಹಂತಕ್ಕೆ ಹೋಗುವುದು ಅವನಲ್ಲಿ ಇತರರಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ.

ಇದು ಹೇಗೆ ಸಾಧ್ಯ? ಫಾಲ್ಸಿಪಾರಮ್ ಜೀವಿಯ ಒಂದು ಚಾಳಿಯನ್ನು ಇಲ್ಲಿ ನೆನೆಯಬೇಕು. ಕೆಂಪು ಕಣದೊಳಗೆ ಹೊಕ್ಕ ಈ ಪರೋಪಜೀವಿಗೆ ಅಲ್ಲಿ ಬೆಳೆದು ಮರಿಮಾಡಲು ಎರಡು ದಿನ ಬೇಕು. ಅರ್ಧ ಬೆಳೆದ ಮೇಲೆ ಅದು ತಾನಿರುವ ಕಣದ ಹೊರಮೈಯಲ್ಲಿ ಅಂಟುಗುಬ್ಬಿಗಳನ್ನೆಬ್ಬಿಸಿ, ಒಳಾಂಗಗಳ ಕಿರುನಾಳಗಳ ಗೋಡೆಗೆ ಕಣವನ್ನು ಅಂಟಿಸಿಬಿಡುತ್ತದೆ. ಹೀಗೆ ಮಾಡದಿದ್ದರೆ ಕಣವು ಗುಲ್ಮದ ಜರಡಿಯೊಳಗೆ ಹಾದು ನಾಶವಾಗುತ್ತದೆ. ಆದರೆ ಅದು ಅಡಗುವ ಆ ಕಿರುನಾಳಗಳಲ್ಲಿಯೇ ಆಮ್ಲಜನಕ ತೀರ ಕಡಮೆ! ಸಾಧಾರಣ ಕಣದಲ್ಲಿರುವ ಜೀವಿಗೆ ಇದರಿಂದ ಬಾಧಕವಿಲ್ಲ. ವಾಹಕನ ಕಣದಲ್ಲಾದರೋ ಹಿಮೋಗ್ಲೋಬಿನ್ ಅಲ್ಲಿ ನಾರುಗಟ್ಟಲು ತೊಡಗುತ್ತದೆ. ಒಳಗಿನ ಜೀವಿಯ ಬೆಳವಣಿಗೆ ನಿಲ್ಲುತ್ತದೆ. ಅಂಟುಗುಬ್ಬಿಗಳೂ ವಾಹಕನ ಕಣದ ಮೇಲೆ ಸರಿಯಾಗಿ ಏಳುವುದಿಲ್ಲವಾದುದರಿಂದ ಹಿಡಿತ ಸಡಿಲ. ಸೆಟೆದ ಕಣಗಳನ್ನು ಗುಲ್ಮವು ಬೇಗ ಗುರುತಿಸಿ ತೆಗೆದುಹಾಕುತ್ತದೆ. ಕಳ್ಳ ಅಡಗುವ ಮೂಲೆಯಲ್ಲಿಯೇ ಬೋನು ಇಟ್ಟಂತಾಯಿತು. ಹಾಗೆಂದು ವಾಹಕರಿಗೆ ಮಲೇರಿಯಾ ಬಂದರೆ ಚಿಕಿತ್ಸೆ ಬೇಡವೆಂದು ಯಾರೂ ತಿಳಿಯಬಾರದು.

ಇನ್ನು ತಕ್ಕಡಿಯ ಲೆಕ್ಕ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಕಥೆಯಲ್ಲಿ ಅತ್ಯಂತ ರುಚಿಸಿದ ಭಾಗ ಇದು. ಕೂಡುವುದು ಕಳೆಯುವುದು ಬಂದರೆ ಸಾಕು. ಒಂದು ಜನಸಮುದಾಯದಲ್ಲಿರುವ ಜೀನುಗಳಲ್ಲಿ ಹನ್ನೊಂದಕ್ಕೆ ಒಂದು ‘ಎಸ್’ ಎಂದು ಭಾವಿಸೋಣ. ಹುಟ್ಟುವ ಪ್ರತಿ ಮಗುವೂ ಎರಡು ಜೀನುಗಳನ್ನು ಅದೃಷ್ಟಚೀಟಿಯಂತೆ ಎತ್ತುತ್ತದೆ. ಹನ್ನೊಂದು ಹನ್ನೊಂದಲ 121. ಆದುದರಿಂದ 121 ಮಕ್ಕಳಲ್ಲಿ ಸರಾಸರಿ 100 ಮಂದಿ ಸಾಧಾರಣರು, 20 ಮಂದಿ ವಾಹಕರು, ಒಂದು ಮಗು ಮಾತ್ರ ಎರಡೂ ಪ್ರತಿ ‘ಎಸ್’ ಆದ ರೋಗಿ. ಈ ಊರಿನಲ್ಲಿ ಉಗ್ರ ಮಲೇರಿಯಾ ಸಾಧಾರಣ ಮಕ್ಕಳಲ್ಲಿ ನೂರಕ್ಕೆ ಹತ್ತನ್ನು ಕೊಲ್ಲುವುದೆಂದೂ, ವಾಹಕರನ್ನು ಮುಟ್ಟುವುದಿಲ್ಲವೆಂದೂ, ರೋಗಿ ಮಗು ಉಳಿಯುವುದಿಲ್ಲವೆಂದೂ ಇಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ದೊಡ್ಡವರಾಗಿ ಉಳಿಯುವವರು 90 ಸಾಧಾರಣರು ಮತ್ತು 20 ವಾಹಕರು, ಒಟ್ಟು 110 ಮಂದಿ. ಅವರಲ್ಲಿ 220 ಜೀನುಗಳು. ಅವುಗಳಲ್ಲಿ ‘ಎಸ್’ 20. ಅಂದರೆ ಮತ್ತೆ ಹನ್ನೊಂದಕ್ಕೆ ಒಂದು! ಮುಂದಿನ ತಲೆಮಾರೂ ಇದ್ದಲ್ಲಿಂದಲೇ ಆರಂಭವಾಗುತ್ತದೆ. ಮಲೇರಿಯಾದಿಂದ ಸತ್ತ ಹತ್ತು ಸಾಧಾರಣ ಮಕ್ಕಳು ಒಂದು ತಟ್ಟೆಯಲ್ಲಿ, ರಕ್ತರೋಗದಿಂದ ಸತ್ತ ಒಂದು ಮಗು ಇನ್ನೊಂದು ತಟ್ಟೆಯಲ್ಲಿ. ಮುಳ್ಳು ನಡುವೆ ನಿಂತಿದೆ. ಇದನ್ನೇ ಜೀವವಿಜ್ಞಾನಿಗಳು ಸಮತೋಲನದ ಆಯ್ಕೆ ಎನ್ನುತ್ತಾರೆ.

ಇದು ಬರಿಯ ಆಕಸ್ಮಿಕವಾದ ಸಮತೋಲವಲ್ಲ. ಬಾಣಲೆಯ ತಳದಲ್ಲಿಟ್ಟ ಗೋಲಿಯನ್ನು ಎತ್ತ ತಳ್ಳಿದರೂ ಅದು ತಳಕ್ಕೆ ಮರಳುವಂತೆ, ಈ ಪ್ರಮಾಣವನ್ನು ಕದಲಿಸಿದರೆ ಅದು ಹಿಂದಿರುಗುತ್ತದೆ. ‘ಎಸ್’ ಐದಕ್ಕೆ ಒಂದರಷ್ಟು ಹೆಚ್ಚಿತೆನ್ನಿ. ಆಗ 250 ಮಕ್ಕಳಲ್ಲಿ 160 ಸಾಧಾರಣರು, 80 ವಾಹಕರು, 10 ರೋಗಿಗಳು. ಮೊದಲಿನ ನಿಯಮದಂತೆ 16 ಸಾಧಾರಣರೂ 10 ರೋಗಿಗಳೂ ಸತ್ತರೆ ಉಳಿದ 224 ಮಂದಿಯ 448 ಜೀನುಗಳಲ್ಲಿ ‘ಎಸ್’ 80. ಪ್ರಮಾಣ ಐದಕ್ಕೊಂದರಿಂದ ಐದೂವರೆಗೊಂದಕ್ಕಿಂತಲೂ ಕೆಳಗಿಳಿಯಿತು. ಬದಲಾಗಿ ‘ಎಸ್’ ಇಪ್ಪತ್ತೊಂದಕ್ಕೆ ಒಂದು ಮಾತ್ರ ಇದ್ದಿದ್ದರೆ 441 ಮಕ್ಕಳಲ್ಲಿ 400 ಸಾಧಾರಣರು, 40 ವಾಹಕರು, ಒಬ್ಬ ರೋಗಿ. ಉಳಿಯುವವರು 360 ಮತ್ತು 40. 800 ಜೀನುಗಳಲ್ಲಿ 40 ‘ಎಸ್’, ಎಂದರೆ ಇಪ್ಪತ್ತಕ್ಕೊಂದು. ಪ್ರಮಾಣ ಏರಿತು.

ನಿಸರ್ಗದ ಈ ಏರ್ಪಾಡನ್ನು ಕೆಲವರು ಸಮುದಾಯಕ್ಕೆ ದೊರೆತ ವರವೆಂದು ಹೊಗಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ‘ಎಸ್’ ಜೀನು ಆ ಊರಿನಲ್ಲಿ ಇಲ್ಲದೆಯೇ ಇದ್ದಿದ್ದರೆ 121 ಮಕ್ಕಳಲ್ಲಿ 12 ಮಂದಿ ಮಲೇರಿಯಾದಿಂದ ಸಾಯುತ್ತಿದ್ದರು. ಜೀನು ಬಂದು ನೆಲೆನಿಂತ ಮೇಲೆ ಎರಡು ಕಾರಣಗಳಿಂದಲೂ ಸೇರಿ 11 ಮಂದಿ ಸಾಯುತ್ತಾರೆ. ಸಮುದಾಯಕ್ಕೆ ಆದ ಒಟ್ಟು ಲಾಭ ಒಂದು ಮಗು. ಲಾಭವೆಲ್ಲ ವಾಹಕರದು, ಬೆಲೆಯನ್ನು ತೆರುವವರು ಬೇರೆ.

ಈಗ ಮಲೇರಿಯಾದ ತಟ್ಟೆಯನ್ನು ತೆಗೆದುಬಿಡೋಣ. ನಮ್ಮ ದೇಶದಲ್ಲಿ ಡಿ.ಡಿ.ಟಿ. ಸಿಂಪಡಿಸುವ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯ 1953ರಲ್ಲಿ ಆರಂಭವಾಗಿ 1958ರಲ್ಲಿ ನಿರ್ಮೂಲನ ಕಾರ್ಯವಾಗಿ ಮಾರ್ಪಟ್ಟಿತು. ನಡುವೆ ರೋಗ ಮರುಕಳಿಸಿದ್ದುಂಟಾದರೂ ಮೊದಲಿನ ಸಾವಿನ ಪ್ರಮಾಣ ಮರಳಲಿಲ್ಲ. ನಮ್ಮ 121 ಮಕ್ಕಳಲ್ಲಿ ಈಗ 100 ಸಾಧಾರಣರೂ ಉಳಿಯುತ್ತಾರೆ, 20 ವಾಹಕರೂ ಉಳಿಯುತ್ತಾರೆ. 240 ಜೀನುಗಳಲ್ಲಿ ‘ಎಸ್’ 20, ಅಂದರೆ ಹನ್ನೆರಡಕ್ಕೆ ಒಂದು. ಮುಂದಿನ ತಲೆಮಾರಿನಲ್ಲಿ ಹದಿಮೂರಕ್ಕೆ ಒಂದು, ಅದರ ಮುಂದೆ ಹದಿನಾಲ್ಕಕ್ಕೆ ಒಂದು. ರೋಗಿಗಳೆಲ್ಲರೂ ಸತ್ತರೂ ಇಳಿತ ಇಷ್ಟು ನಿಧಾನ. 1953ರಿಂದ ಇಂದಿಗೆ ಕಳೆದಿರುವುದು ಸುಮಾರು ಮೂರು ತಲೆಮಾರು. ಪ್ರಮಾಣವು ಅರ್ಧಕ್ಕಿಳಿಯಲು ಹನ್ನೊಂದು ತಲೆಮಾರು, ಅಂದರೆ ಸುಮಾರು 275 ವರ್ಷ ಬೇಕು. ರೋಗಿಗಳು ಚಿಕಿತ್ಸೆಯಿಂದ ಬದುಕಿ ಮಕ್ಕಳನ್ನು ಪಡೆದರೆ, ಅದು ಆಗಬೇಕಾದದ್ದೇ, ಇಳಿತ ಇನ್ನೂ ನಿಧಾನ. ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ ಹೆಗ್ಗಡದೇವನಕೋಟೆಯ ಹಾಡಿಗಳಲ್ಲಾಗಲಿ ಇಂದು ನಾವು ಕಾಣುವ ಕುಡುಗೋಲು ಜೀನು ಅಜ್ಜ ಮುತ್ತಜ್ಜಂದಿರ ಕಾಲದ ಚಳಿಜ್ವರ ಬಿಟ್ಟುಹೋದ ನೆರಳು.

ಇಲ್ಲಿಯೇ ನಮ್ಮ ಮೊದಲನೆಯ ಆಕ್ಷೇಪಣೆ. ಚೀಟಿಗಳನ್ನು ಜಾತಕದಂತೆ ಹೋಲಿಸಿ ನೋಡಿ, ವಾಹಕರು ವಾಹಕರನ್ನು ಮದುವೆಯಾಗದಂತೆ ತಡೆದರೆ ಜೀನೇ ಹೊರಟುಹೋಗುವುದೆಂಬ ಭಾವನೆ ಪ್ರಚಾರದ ಮಾತುಗಳಲ್ಲಿ ಸುಳಿಯುತ್ತಿರುತ್ತದೆ. ಲೆಕ್ಕ ಇದಕ್ಕೆ ನೇರ ವಿರುದ್ಧವಾಗಿದೆ. 100 ಸಾಧಾರಣರೂ 20 ವಾಹಕರೂ ಇರುವ ಸಮುದಾಯದಲ್ಲಿ ಎಲ್ಲ ವಾಹಕರೂ ಸಾಧಾರಣರನ್ನೇ ಮದುವೆಯಾದರೆನ್ನೋಣ. ಆ 20 ದಂಪತಿಗಳಿಗೆ ಇಬ್ಬಿಬ್ಬರಂತೆ 40 ಮಕ್ಕಳು. ಅರ್ಧ, ಅಂದರೆ 20 ಮಕ್ಕಳು, ವಾಹಕರು. ಒಂದೇ ಒಂದು ಮಗುವೂ ರೋಗಿಯಾಗಿ ಹುಟ್ಟದು, ನಿಜ. ಆದರೆ ವಾಹಕರು 20 ಇದ್ದದ್ದು 20 ಆಗಿಯೇ ಉಳಿಯಿತು. ಚೀಟಿಯನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರೆ ಜೀನು ಅಷ್ಟು ಭದ್ರವಾಗಿ ಉಳಿಯುತ್ತದೆ, ಏಕೆಂದರೆ ಅದನ್ನು ಕಳೆಯುತ್ತಿದ್ದುದು ರೋಗಿ ಮಕ್ಕಳ ಸಾವು ಮಾತ್ರ. ಆದುದರಿಂದ ಚೀಟಿಯು ತಿಳಿದು ನಿರ್ಧರಿಸಲು ದಂಪತಿಗಳಿಗೆ ನೆರವಾಗಬಹುದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕಕ್ಕೊಂದು ಅಪಾಯವೆಂದು ಅವರಿಗೆ ತಿಳಿಯಬೇಕಾದದ್ದು ನ್ಯಾಯವೇ. ಆದರೆ ಇದನ್ನು ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಮಾಡುತ್ತಿರಬೇಕಾಗುತ್ತದೆ. 2047ರಲ್ಲಿ ಕಚೇರಿಯನ್ನು ಮುಚ್ಚಿ ಬೀಗ ಹಾಕುವಂತಹ ಕೆಲಸ ಇದಲ್ಲ. ಕೆಲವೇ ಸಾವಿರ ಜನರಿರುವ, ತಮ್ಮೊಳಗೇ ಕೊಟ್ಟು ತರುವ ಪಂಗಡದಲ್ಲಿ ಒಬ್ಬ ಹುಡುಗಿಯ ಚೀಟಿಯ ಮೇಲಿನ ಬರಹ ಊರಿಗೆಲ್ಲ ತಿಳಿದರೆ ಏನಾಗುತ್ತದೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಗಂಡಿನ ಚೀಟಿಯನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳುವುದಿಲ್ಲವೆಂಬ ಅನುಮಾನವೂ ನಮಗಿದೆ.

ಪರೀಕ್ಷೆಯಲ್ಲಿಯೂ ಎಚ್ಚರ ಬೇಕು. ಕ್ಷೇತ್ರದಲ್ಲಿ ಮೊದಲು ಮಾಡುವುದು ಕರಗುವಿಕೆಯ ಪರೀಕ್ಷೆ. ಒಂದು ದ್ರಾವಣಕ್ಕೆ ರಕ್ತದ ತೊಟ್ಟನ್ನು ಹಾಕಿ, ಹಿಂದೆ ಗೆರೆ ಎಳೆದ ಕಾಗದವನ್ನು ಹಿಡಿದಾಗ ಗೆರೆ ಕಾಣದಷ್ಟು ಕದಡಾದರೆ ‘ಎಸ್’ ಇದೆಯೆಂದು ಅರ್ಥ. ಅದು ಒಂದು ಪ್ರತಿಯೋ ಎರಡೋ ಎಂಬುದನ್ನು ಈ ಪರೀಕ್ಷೆ ಹೇಳಲಾರದು. ಅದಕ್ಕೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಎರಡನೆಯ ಪರೀಕ್ಷೆ ಆಗಲೇಬೇಕು. ಎಳೆಗೂಸಿನಲ್ಲಾದರೆ ಬಸಿರಿನ ಕಾಲದ ಹಿಮೋಗ್ಲೋಬಿನ್ನೇ ಬಹುಪಾಲಾದುದರಿಂದ, ರೋಗವಿದ್ದರೂ ದ್ರಾವಣ ತಿಳಿಯಾಗಿಯೇ ಉಳಿಯಬಹುದು. ರೋಗಿ ಮಗುವಿಗೆ ಅತ್ಯಂತ ಅಪಾಯದ ಕಾಲ ಮೊದಲ ಕೆಲವು ವರ್ಷಗಳೇ. ಹುಟ್ಟಿದೊಡನೆ ಸರಿಯಾದ ಪರೀಕ್ಷೆ, ಬಾಲ್ಯದಲ್ಲಿ ಪೆನಿಸಿಲಿನ್ ಮತ್ತು ಲಸಿಕೆಗಳು, ವೈದ್ಯರ ಸಲಹೆಯಂತೆ ಹೈಡ್ರಾಕ್ಸಿಯೂರಿಯಾ, ಇವುಗಳಿಂದ ಬದುಕು ನೀಳುತ್ತದೆ, ನೋವು ತಗ್ಗುತ್ತದೆ. ಹಣವನ್ನೂ ಜನವನ್ನೂ ಮೊದಲು ಸುರಿಯಬೇಕಾದ ಕಡೆ ಇದು.

ಎರಡನೆಯ ಆಕ್ಷೇಪಣೆಗೆ ಬರುವ ಮುನ್ನ ಇನ್ನೊಂದು ರಕ್ತದೋಷವನ್ನು ಪರಿಚಯ ಮಾಡಿಕೊಳ್ಳಬೇಕು. ಕೆಂಪು ಕಣದಲ್ಲಿ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜನೇಸ್ ಎಂಬ ಕಿಣ್ವವಿದೆ. ಹೆಸರು ಉದ್ದ, ನಾವು ಜಿ-6-ಪಿಡಿ ಎಂದು ಕರೆಯೋಣ. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ಕಣದೊಳಗೂ ಉತ್ಕರ್ಷಣದಿಂದ ಹಾನಿಯಾಗುತ್ತಿರುತ್ತದೆ. ಇದನ್ನು ತಡೆಯುವ ವಸ್ತುವನ್ನು ಮತ್ತೆ ಮತ್ತೆ ಹೊಸದಾಗಿ ಒದಗಿಸುವ ಕೆಲಸದ ಬಾಗಿಲಲ್ಲಿ ಈ ಕಿಣ್ವ ನಿಂತಿದೆ. ದೇಹದ ಇತರ ಕೋಶಗಳಿಗೆ ಬೇರೆ ದಾರಿಗಳುಂಟು. ಕೆಂಪು ಕಣಕ್ಕೆ ಇದೊಂದೇ. ಕಿಣ್ವ ಕೊರತೆಯಾದ ಕಣವು ಎಂದಿನ ಬದುಕನ್ನು ಹೇಗೋ ಸಾಗಿಸುತ್ತದೆ. ಆದರೆ ಹಿಮೋಗ್ಲೋಬಿನ್ನನ್ನು ತಿಂದು ಜೀರ್ಣಿಸುವ ಮಲೇರಿಯಾದ ಜೀವಿ ಒಳಹೊಕ್ಕರೆ, ಅದು ಎಬ್ಬಿಸುವ ಉತ್ಕರ್ಷಣವನ್ನು ತಾಳಲಾರದೆ ಬೇಗ ಕೆಡುತ್ತದೆ. ಕೆಟ್ಟ ಕಣವನ್ನು ದೇಹದ ಭಕ್ಷಕ ಕೋಶಗಳು ಜೀವಿಯ ಸಹಿತ ನುಂಗಿಬಿಡುತ್ತವೆ. ಇಲ್ಲಿಯೂ ಅದೇ ತಕ್ಕಡಿ, ತೂಕಗಳು ಮಾತ್ರ ಬೇರೆ. ಈ ಜೀನು ಲಿಂಗವನ್ನು ನಿರ್ಣಯಿಸುವ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಸಿಗೆ ಒಂದೇ ಪ್ರತಿ. ಅದು ದೋಷಯುಕ್ತವಾದರೆ ಕೊರತೆ ಪೂರ್ಣ. ಹೆಂಗಸಿಗೆ ಎರಡು ಪ್ರತಿ. ಒಂದು ಮಾತ್ರ ದೋಷವುಳ್ಳದ್ದಾದರೆ ಅವಳ ರಕ್ತದಲ್ಲಿ ಸಮರ್ಥ ಕಣಗಳೂ ದುರ್ಬಲ ಕಣಗಳೂ ಬೆರೆತಿರುತ್ತವೆ. ರಕ್ಷಣೆಯೂ ಕುಡುಗೋಲು ಲಕ್ಷಣದಷ್ಟು ಸ್ವಚ್ಛವಲ್ಲ. ಆಫ್ರಿಕದ ದೊಡ್ಡ ಅಧ್ಯಯನಗಳಲ್ಲಿ, ಕೊರತೆಯುಳ್ಳವರಿಗೆ ಮಿದುಳಿನ ಮಲೇರಿಯಾ ಕಡಮೆಯೆಂದೂ, ಆದರೆ ಮಲೇರಿಯಾದಿಂದಾಗುವ ತೀವ್ರ ರಕ್ತಹೀನತೆ ಹೆಚ್ಚೆಂದೂ ಕಂಡುಬಂದಿದೆ.

ಈ ಕೊರತೆ ಪತ್ತೆಯಾದದ್ದೇ ಮಲೇರಿಯಾದ ಔಷಧದಿಂದ. ಅಮೆರಿಕದ ಇಲಿನಾಯ್ ಪ್ರಾಂತದ ಸ್ಟೇಟ್‌ವಿಲ್ ಸೆರೆಮನೆಯ ಕೈದಿಗಳ ಮೇಲೆ ಪ್ರೈಮಾಕ್ವೀನ್ ಎಂಬ ಔಷಧವನ್ನು ಪ್ರಯೋಗಿಸುತ್ತಿದ್ದಾಗ ಕೆಲವರ ಕೆಂಪು ಕಣಗಳು ಒಡೆದುಹೋಗುತ್ತಿದ್ದವು. 1956ರಲ್ಲಿ ಕಾರ್ಸನ್ ಮತ್ತು ಅವರ ಸಂಗಡಿಗರು ಕಾರಣ ಜಿ-6-ಪಿಡಿಯ ಕೊರತೆಯೆಂದು ತೋರಿಸಿದರು. (ಬೇಡವೆನ್ನಲು ಪೂರ್ಣ ಸ್ವಾತಂತ್ರ್ಯವಿಲ್ಲದವರ ದೇಹಗಳಿಂದ ವಿಜ್ಞಾನ ಎಷ್ಟು ಕಲಿತಿದೆಯೆಂಬುದು ಬೇರೆಯೇ ಲೇಖನದ ವಿಷಯ.) ಅದೇ ಪ್ರೈಮಾಕ್ವೀನ್ ಇಂದಿಗೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿದೆ; ಇರಲೇಬೇಕು. ವೈವಾಕ್ಸ್ ಮಲೇರಿಯಾದ ಜೀವಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳುತ್ತದೆ. ಮಲಗಿದ್ದನ್ನು ಕೊಲ್ಲಲು ನಮ್ಮ ರಾಷ್ಟ್ರೀಯ ಕ್ರಮದಲ್ಲಿ ದೇಹತೂಕದ ಕಿಲೋಗ್ರಾಮಿಗೆ 0.25 ಮಿಲಿಗ್ರಾಮಿನಂತೆ 14 ದಿನ ಈ ಗುಳಿಗೆಯನ್ನು ಕೊಡುತ್ತಾರೆ. ಮಲೇರಿಯಾ ತನ್ನ ವಿರುದ್ಧ ಆರಿಸಿ ಉಳಿಸಿಕೊಟ್ಟ ರಕ್ತವೇ, ಮಲೇರಿಯಾವನ್ನು ಓಡಿಸುವ ಔಷಧವನ್ನು ತಾಳಲಾರದು!

ಕೊರತೆಯುಳ್ಳವನಿಗೆ ಗುಳಿಗೆ ಹೊಕ್ಕರೆ ಏನಾಗುತ್ತದೆ? ಮೊದಲ ದಿನ ಏನೂ ತೋರುವುದಿಲ್ಲ. ಎರಡು ಮೂರು ದಿನಗಳಲ್ಲಿ ಮೂತ್ರ ಕಡುಗಪ್ಪು ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಸುಸ್ತು ಏದುಸಿರು ಹೆಚ್ಚುತ್ತವೆ. ಜ್ವರದಿಂದಲೇ ಹೀಗಾಯಿತೆಂದು ಬಗೆದು ಉಳಿದ ಗುಳಿಗೆಗಳನ್ನು ನಿಷ್ಠೆಯಿಂದ ನುಂಗಿದವರಿಗೆ ಪ್ರಾಣಾಪಾಯವುಂಟು. ಮೂತ್ರ ಕಪ್ಪಾದರೆ ಅಥವಾ ತುಟಿ ನೀಲಿಗಟ್ಟಿದರೆ ಔಷಧವನ್ನು ನಿಲ್ಲಿಸಿ ಮರಳಿ ಬರಬೇಕೆಂದು ರೋಗಿಗೆ ತಿಳಿಹೇಳಬೇಕೆಂಬ ಸೂಚನೆ ನಮ್ಮ ನಿಯಮಗಳಲ್ಲಿಯೇ ಇದೆ. ಆದರೆ ಇದು ಮನೆಗೆ ಬೆಂಕಿ ಬಿದ್ದ ಮೇಲೆ ಹೊಗೆಯನ್ನು ನೋಡಿಕೊಳ್ಳಿ ಎಂದಂತೆ. ಕೊರತೆ ಮೊದಲೇ ತಿಳಿದಿದ್ದರೆ ಗುಳಿಗೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ವೈದ್ಯರ ಕಣ್ಣೆದುರಿನಲ್ಲಿ ವಾರಕ್ಕೊಮ್ಮೆ ಕಿಲೋಗ್ರಾಮಿಗೆ 0.75 ಮಿಲಿಗ್ರಾಮಿನಂತೆ ಎಂಟು ವಾರ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ.

ನಮ್ಮ ಸಲಹೆ ಸರಳ. ಕುಡುಗೋಲು ಕಣಕ್ಕಾಗಿ ಬೆರಳು ಚುಚ್ಚಿದಾಗ ಇನ್ನೊಂದು ತೊಟ್ಟು ರಕ್ತದಲ್ಲಿ ಜಿ-6-ಪಿಡಿಯನ್ನೂ ಅಳೆಯಲಿ. ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಬರೆಯಲಿ. ಎರಡು ಜೀನುಗಳೂ ಒಂದೇ ಜ್ವರದ ನೆರಳಿನಲ್ಲಿ ಬೆಳೆದವಾದುದರಿಂದ ಎರಡನ್ನೂ ಹುಡುಕಬೇಕಾದ ಜನರೂ ಬಹುಮಟ್ಟಿಗೆ ಒಂದೇ. ಚೀಟಿಯ ಮೊದಲ ಸಾಲು ಹೆಚ್ಚಿನ ವಾಹಕರಿಗೆ ಮದುವೆಯ ಕಾಲದಲ್ಲಷ್ಟೇ ಬೇಕಾದೀತು. ಈ ಎರಡನೆಯ ಸಾಲು ಅವರು ಯಾವ ದವಾಖಾನೆಗೆ ಹೋದರೂ ಬೇಕು.

ಬಯಲುಸೀಮೆಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನಮ್ಮ ನಾಲ್ಕು ತಾಲ್ಲೂಕುಗಳು ಒಣ ಮೈದಾನ. ಕೆರೆ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಸೊಳ್ಳೆ, ಬತ್ತಿದಾಗ ಇಲ್ಲ. ಇಂತಹ ನೆಲದಲ್ಲಿ ಕಾಡಿನ ತಪ್ಪಲಿನಂತೆ ವರ್ಷವಿಡೀ ಮಕ್ಕಳನ್ನು ಜರಡಿಯಾಡುವ ಮಲೇರಿಯಾ ನಿಲ್ಲದು. ಹಗುರವಾದ ತಟ್ಟೆ ಜೀನನ್ನು ಎತ್ತಿಹಿಡಿಯದು. ಆದರೆ ಜನ ಒಂದೆಡೆ ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ, ನೆಲಮಂಗಲದಾಚೆಯ ದಾಬಸ್‌ಪೇಟೆಯಲ್ಲಿ, ಹೊಸಕೋಟೆಯ ಉಗ್ರಾಣಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಒಡಿಶಾ, ಛತ್ತೀಸಗಢ, ಜಾರ್ಖಂಡಗಳ ತರುಣರು ದುಡಿಯುತ್ತಿದ್ದಾರೆ. ಕುಡುಗೋಲು ಜೀನೂ ಜಿ-6-ಪಿಡಿ ಕೊರತೆಯೂ ಹೆಚ್ಚಾಗಿರುವ ಸೀಮೆಗಳವು. ಅಲ್ಲಿನ ಕಾಡುಗಳಲ್ಲಿ ಮಲೇರಿಯಾ ಇನ್ನೂ ಇದೆ. ಊರಿಗೆ ಹೋಗಿ ಬಂದ ಹುಡುಗನೊಬ್ಬನಿಗೆ ಚಳಿಜ್ವರ ಬಂದರೆ ಅವನು ಹೋಗುವುದು ನಮ್ಮ ಹೋಬಳಿಯ ಆರೋಗ್ಯ ಕೇಂದ್ರಕ್ಕೆ, 14 ದಿನದ ಗುಳಿಗೆಯ ಪೊಟ್ಟಣವನ್ನು ಪಡೆಯುವುದೂ ಅಲ್ಲಿಯೇ. ದೇವನಹಳ್ಳಿ ತಾಲ್ಲೂಕಿನ ಪೂಜನಹಳ್ಳಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಂಕೀರ್ಣವಿದೆ. ಮಲೇರಿಯಾ ಸಂಶೋಧನಾ ಸಂಸ್ಥೆಯ ಕ್ಷೇತ್ರ ಘಟಕ ಅಲ್ಲಿಂದ ಕೆಲಸ ಮಾಡಿದೆ. ಇಂತಹ ಪರೀಕ್ಷೆಯನ್ನು ಮೊದಲು ನಡೆಸಿ ನೋಡಲು ನಮ್ಮ ಜಿಲ್ಲೆಗಿಂತ ಅನುಕೂಲವಾದ ಸ್ಥಳ ಬೇರಾವುದು?

ಗೃಹಿಣಿಯರಿಗಾಗಿ ಎರಡು ಮಾತು. ಕೊರತೆಯುಳ್ಳವರು ಅವರೆಯನ್ನು ತಿನ್ನಬಾರದೆಂಬ ಒಂದು ಹೆದರಿಕೆ ಹರಡುತ್ತಿರುವುದನ್ನು ನಾವು ಕೇಳಿದ್ದೇವೆ. ಪುಸ್ತಕಗಳಲ್ಲಿ ಹೇಳಿರುವ ಕಾಯಿ ಮೆಡಿಟರೇನಿಯನ್ ಸೀಮೆಯ ವೈಸಿಯಾ ಫಾಬಾ ಎಂಬುದು; ನಮ್ಮ ಹೊಲದ ಸೊಗಡಿನ ಅವರೆ ಬೇರೆಯೇ ಕುಲದ ಗಿಡ. ಹಿತಕಿದ ಬೇಳೆಯ ಸಾರನ್ನು ಯಾರೂ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಬಟ್ಟೆಯ ಪೆಟ್ಟಿಗೆಯಲ್ಲಿಡುವ ನ್ಯಾಫ್ತಲೀನ್ ಗುಳಿಗೆ. ಅದರ ವಾಸನೆ ಹಿಡಿದ ಬಟ್ಟೆಯಲ್ಲಿ ಸುತ್ತಿದ ಎಳೆಗೂಸಿಗೆ ಕೊರತೆಯಿದ್ದರೆ ರಕ್ತ ಒಡೆದು ಕಾಮಾಲೆ ಏರುತ್ತದೆ.

ಜಿ-6-ಪಿಡಿ ಪರೀಕ್ಷೆಗೂ ಅದರದೇ ಮೋಸಗಳುಂಟು. ಬೆಳಕಿನಲ್ಲಿ ಹೊಳೆಯುವ ಚುಕ್ಕೆಯನ್ನು ನೋಡಿ ‘ಇದೆ’ ‘ಇಲ್ಲ’ ಎಂದಷ್ಟೇ ಹೇಳುವ ಅಗ್ಗದ ಪರೀಕ್ಷೆ, ಬೆರಕೆ ರಕ್ತವುಳ್ಳ ಹೆಂಗಸರಲ್ಲಿ ಅನೇಕರನ್ನು ಸರಿಯಾಗಿದ್ದಾರೆಂದು ಕಳುಹಿಸಿಬಿಡುತ್ತದೆ. ಪ್ರಮಾಣವನ್ನು ಅಂಕಿಯಲ್ಲಿ ತೋರಿಸುವ ಕೈಯಳತೆಯ ಯಂತ್ರ ಈಗ ದೊರೆಯುವುದರಿಂದ ಅದನ್ನೇ ಬಳಸುವುದು ಲೇಸು. ಇನ್ನೊಂದು ಮೋಸ ಹೆಚ್ಚು ಅಪಾಯದ್ದು. ಕಿಣ್ವವು ಎಳೆಯ ಕಣಗಳಲ್ಲಿ ಹೆಚ್ಚು, ಹಳೆಯವುಗಳಲ್ಲಿ ಕಡಮೆ. ಗುಳಿಗೆಯಿಂದ ರಕ್ತ ಒಡೆದಾಗ ಮೊದಲು ಸಾಯುವುವು ಹಳೆಯ ಕಣಗಳು. ಮಜ್ಜೆ ಎಳೆಯ ಕಣಗಳನ್ನು ಅವಸರವಾಗಿ ತಯಾರಿಸಿ ಕಳುಹಿಸುತ್ತದೆ. ಆಗ ರಕ್ತವನ್ನು ಪರೀಕ್ಷಿಸಿದರೆ ಕೊರತೆಯೇ ಇಲ್ಲವೆಂಬಂತೆ ಅಂಕಿ ಬರುತ್ತದೆ, ಎರಡು ಮೂರು ತಿಂಗಳು ಕಾದು ಮತ್ತೆ ನೋಡಬೇಕಾಗುತ್ತದೆ. ಆದುದರಿಂದಲೇ ಬೆರಳನ್ನು ಚುಚ್ಚಬೇಕಾದದ್ದು ಆರೋಗ್ಯವಾಗಿರುವಾಗ, ಕುಡುಗೋಲು ಕಣದ ಶಿಬಿರದ ದಿನ.